ಹದಿನೈದನೇ ತಾರೀಖಿನ ಟೆಂಪೋ: ಮಾತಿನ ಕೊನೆ ಏರಿದಾಗ, ಮಾತಿನ ಕೊನೆ ಸವೆದಾಗ

ನವಲಗುಂದದ ಕಡೆಯ ಒಬ್ಬ ಖಾನಾವಳಿ ಮಾಲೀಕರು ಹದಿನೈದನೇ ತಾರೀಖು ಬೆಳಿಗ್ಗೆ ಟೆಂಪೋ ಬಾಡಿಗೆ ಹಿಡಿದು ಹುಬ್ಬಳ್ಳಿಗೆ ಬಂದರು. ರೊಟ್ಟಿ ಮಷೀನು ಒಯ್ಯಲು. ಮಷೀನು ಇನ್ನೂ ತಯಾರಾಗಿರಲಿಲ್ಲ. "ಫೋನಿನ್ಯಾಗ ಮೇಡಂ ಆಗ್ತೈತಿ ಅಂದಾರ್ರೀ" ಅಂತ ಅವರು. "ಆಗಂಗಿಲ್ಲ ಅಂತ ನಾ ಸ್ಪಷ್ಟ ಹೇಳೀನ್ರೀ" ಅಂತ ಮೇಡಂ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ಆ ಮೇಡಂ ನನ್ನ ಹತ್ತಿರ ಬಂದದ್ದು ಇದಾಗಿ ನಾಲ್ಕು ದಿನಕ್ಕೆ. ನಾನು ಧಾರವಾಡದಲ್ಲಿ ಸ್ಪೀಚ್ ಥೆರಪಿ ಮಾಡುತ್ತೇನೆ. ಆಕೆಯನ್ನು ಇಲ್ಲಿ ಶೈಲಾ ಅಂತ ಕರೆಯುತ್ತೇನೆ, ಅದು ನಿಜವಾದ ಹೆಸರಲ್ಲ. ಗದಗಿನ ಹುಡುಗಿ, ವಯಸ್ಸು ಇಪ್ಪತ್ತಾರು, ಮೆಕ್ಯಾನಿಕಲ್ ಓದಿದವಳು. ಎರಡು ವರ್ಷ ಬೆಂಗಳೂರಿನಲ್ಲಿ ಇಂಗ್ಲಿಷ್ ಕಸ್ಟಮರ್ ಕಾಲ್ ಕೆಲಸ ಮಾಡಿ, ಈಗ ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ರೊಟ್ಟಿ ಮಷೀನಿನ ಕೊಟೇಶನ್, ಡೆಲಿವರಿ ನೋಡಿಕೊಳ್ಳುತ್ತಾಳೆ. ಮಷೀನಿನ ಒಂದೊಂದು ಬೋಲ್ಟೂ ಆಕೆಗೆ ಗೊತ್ತು. ಆದರೆ ಮ್ಯಾನೇಜರ್ ಆಕೆಯ ಬಗ್ಗೆ ಬರೆದದ್ದು ಒಂದೇ ಸಾಲು: ಕಾನ್ಫಿಡೆನ್ಸ್ ಇಲ್ಲ.

"ನಂಗ ಕಾನ್ಫಿಡೆನ್ಸ್ ಐತ್ರೀ ಮೇಡಂ. ಯಾಕ ಹಂಗ ಅನಿಸ್ತದ ಎಲ್ಲಾರಿಗೂ?" ಅಂತ ಕೇಳಿದಳು. ಕೇಳುವಾಗಲೇ ಕೊನೆಯ ಎರಡು ಅಕ್ಷರ ಗಂಟಲಲ್ಲಿ ಕರಕರ ಅಂದು ಸತ್ತು ಹೋದವು.

ಮೊದಲು ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಕಳಿಸಿದೆ. ದನಿ ಕರಕರ ಅಂದ ಕೂಡಲೇ ಅಭ್ಯಾಸ ಶುರು ಮಾಡಿಸುವುದು ತಪ್ಪು. ಇಡೀ ದಿನ ದನಿ ಒಡೆದಿದ್ದರೆ, ನೋವಿದ್ದರೆ, ಮೂರು ವಾರ ದಾಟಿದರೆ, ಮೊದಲು ಸ್ವರತಂತುಗಳನ್ನು ಕಣ್ಣಿನಿಂದಲೇ ನೋಡಬೇಕು. ಶೈಲಾಳ ಸ್ವರತಂತುಗಳು ಚೆನ್ನಾಗಿದ್ದವು. ಹಾಡಲು ಹೇಳಿದರೆ ದನಿ ತಿಳಿಯಾಗಿತ್ತು. ಕರಕರ ಬರುತ್ತಿದ್ದದ್ದು ವಾಕ್ಯದ ಕೊನೆಯಲ್ಲಿ ಮಾತ್ರ. ಅಂದರೆ ಇದು ರೋಗ ಅಲ್ಲ, ರೂಢಿ.

ಆಮೇಲೆ ರೆಕಾರ್ಡಿಂಗ್ ತರಿಸಿದೆ. ಮಾಮೂಲು ಕೆಲಸದ ಕರೆ, ಗ್ರಾಹಕರಿಗೆ ಹೇಳಿಯೇ ರೆಕಾರ್ಡ್ ಮಾಡಿದ್ದು, ನಾಲ್ಕು ನಿಮಿಷದ್ದು. ಅದನ್ನು ಬರೆದುಕೊಂಡು, ಪ್ರತಿ ವಾಕ್ಯದ ಕೊನೆಗೆ ಒಂದು ಗುರುತು ಹಾಕಿದೆ. ದನಿ ಇಳಿದರೆ ಕೆಳಗೆ ಬಾಣ, ಏರಿದರೆ ಮೇಲೆ ಬಾಣ, ಕರಕರ ಅಂದರೆ ಅಲೆಯ ಗೆರೆ. ಒಟ್ಟು 31 ವಾಕ್ಯ. 11 ಏರಿದ್ದವು, 12 ಕರಕರ ಅಂದಿದ್ದವು. ಎಂಟು ಮಾತ್ರ ಸರಳವಾಗಿ ಇಳಿದು ನಿಂತಿದ್ದವು. ಆದರೆ ಎಷ್ಟು ಅನ್ನುವುದಕ್ಕಿಂತ ಎಲ್ಲೆಲ್ಲಿ ಅನ್ನುವುದು ನನಗೆ ಮುಖ್ಯ. ಏರಿದ್ದವುಗಳಲ್ಲಿ ಏಳು ಜಾಗ ರೇಟು, ವಾರಂಟಿ ಮತ್ತು ಜಿಎಸ್‌ಟಿ ಹೇಳುವ ಕಡೆ ಇದ್ದವು. ಕರಕರ ಜಾಸ್ತಿ ಇದ್ದದ್ದು 'ಇಲ್ಲ', 'ಆಗಂಗಿಲ್ಲ', 'ಬರಂಗಿಲ್ಲ' ಅನ್ನುವ ಕಡೆ.

ಒಂದೊಂದಾಗಿ ನೋಡೋಣ.

ರೇಟಿನ ಮಾತು ಹೀಗಿತ್ತು. ಗ್ರಾಹಕರು "ಮಷೀನ್ ರೇಟ್ ಎಷ್ಟ್ರೀ?" ಅಂದರು. ಶೈಲಾ "ಒಂದ್ ಲಕ್ಷ ಎಂಬತ್ ಸಾವಿರ್ರೀ?" ಅಂದಳು. ಪ್ರಶ್ನೆ ಚಿಹ್ನೆ ನಾನು ಹಾಕಿದ್ದು, ಆಕೆ ಪ್ರಶ್ನೆ ಕೇಳಿರಲಿಲ್ಲ. ಆದರೆ ಆ 'ರೀ' ಮೇಲಕ್ಕೆ ಹೋಯಿತು. ಪ್ರಾಟ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಇಬ್ಬರು ಮಾಡಿದ್ದು. ಅದರಲ್ಲಿ ಹಾಕಿ ನೋಡಿದೆ. ಆಕೆ ಮಾತಾಡುವ ಸಾಮಾನ್ಯ ಎತ್ತರ ಸುಮಾರು 205 ಹರ್ಟ್ಸ್. ಆ 'ರೀ' 270ಕ್ಕೆ ಮುಟ್ಟಿತ್ತು. ಹಾರ್ಮೋನಿಯಂ ಬಲ್ಲವರಿಗೆ ಹೇಳುವುದಾದರೆ, 'ಸಾ'ದಲ್ಲಿ ಶುರುವಾದ ಮಾತು ಹೆಚ್ಚು ಕಡಿಮೆ 'ಮ'ದಲ್ಲಿ ಮುಗಿದಿತ್ತು. ಹೇಳಿಕೆಯ ಕೊನೆಯನ್ನು ಹೀಗೆ ಏರಿಸಿ ಬಿಡುವುದಕ್ಕೇ ಅಪ್‌ಟಾಕ್ ಅನ್ನುತ್ತಾರೆ.

ಏರಿದ ದನಿ ಎಲ್ಲವೂ ತಪ್ಪಲ್ಲ. "ಹಿಟ್ಟು, ನೀರು, ಉಪ್ಪು" ಅಂತ ಪಟ್ಟಿ ಹೇಳುವಾಗ ಕೊನೆಯದನ್ನು ಬಿಟ್ಟು ಉಳಿದವು ಏರಲೇಬೇಕು. ಮಾತು ಇನ್ನೂ ಮುಗಿದಿಲ್ಲ ಅನ್ನುವ ಸೂಚನೆ ಅದು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಹೇಳಿಕೆಯನ್ನು ಏರಿಸಿ ಮುಗಿಸುವುದು ದಿನನಿತ್ಯದ ಮಾತು. 'ಕೇಳುತ್ತಿದ್ದೀರಲ್ಲ' ಅನ್ನುವ ಸ್ನೇಹದ ಅರ್ಥವೂ ಅದಕ್ಕೆ ಇದೆ. ಬೆಂಗಳೂರಿನ ಕಾಲ್ ಕೆಲಸದಲ್ಲಿ ಶೈಲಾ ಕಲಿತದ್ದು ಇದನ್ನೇ. ಅಲ್ಲಿ ಅದು ನಯ ಅನ್ನಿಸಿಕೊಂಡಿತ್ತು.

ನಮ್ಮ ಮಾತಿನಲ್ಲಿ ಅದು ಬೇರೆ ಕಡೆ ತಾಗುತ್ತದೆ. "ಬಂತೇನ್ರೀ?" ಅಂದರೆ ಪ್ರಶ್ನೆ, 'ಏನು' ಅನ್ನುವುದೇ ಆ ಕೆಲಸ ಮಾಡಿಬಿಡುತ್ತದೆ. ಆದರೆ "ನಾಳೆ ಬರತೀರಿ?" ಅಂತಲೂ ನಾವು ಕೇಳುತ್ತೇವೆ. ಅಲ್ಲಿ ಪ್ರಶ್ನೆ ಇರುವುದು ದನಿಯ ಏರಿನಲ್ಲಿ ಮಾತ್ರ. ಹಾಗಾಗಿ ಹುಬ್ಬಳ್ಳಿಯ ಕಿವಿಗೆ ಏರಿದ ಬಾಲ ಅಂದರೆ 'ಇದನ್ನು ನೀವು ಹೇಳ್ರಿ' ಅಂತ. ರೇಟಿನ ಮೇಲೆ ಅದು ಬಂದರೆ ಏನಾಗುತ್ತದೆ ಅಂತ ನೋಡಲು ದುರ್ಗದಬೈಲಿನಲ್ಲಿ ಅಂಗಡಿ ಇಟ್ಟಿರುವ ನಮ್ಮ ಸೋದರಮಾವನಿಗೆ ಆ ಒಂದು ಸಾಲನ್ನು, ಶೈಲಾಳ ಒಪ್ಪಿಗೆ ಕೇಳಿ, ಕೇಳಿಸಿದೆ. ಹಿಂದೆ ಮುಂದೆ ಏನೂ ಹೇಳಲಿಲ್ಲ. ಮಾವ ತಕ್ಕಡಿಯಿಂದ ಕಣ್ಣು ತೆಗೆಯದೇ "ಅರವತ್ತಕ್ಕ ಕೊಡ್ತಾಳ ಬಿಡು" ಅಂದ. ಯಾಕೆ ಅಂದರೆ, "ಆಕಿಗೇ ಆ ರೇಟಿನ ಮ್ಯಾಲ ನಂಬಿಕಿ ಇಲ್ಲ. ಕೇಳಾಕತ್ತಾಳ ಹೌದಲ್ಲೋ ಅಂತ." ವ್ಯಾಪಾರಸ್ಥನ ಕಿವಿ ಎಷ್ಟು ಚುರುಕು ಅಂತ ಆವತ್ತು ಗೊತ್ತಾಯಿತು.

ಇನ್ನು ಟೆಂಪೋ ತಂದ ಮಾತು. ಆ ಕರೆ ರೆಕಾರ್ಡ್ ಆಗಿರಲಿಲ್ಲ. ಆದರೆ ಹೇಗೆ ಹೇಳಿದಿರೋ ಹಾಗೇ ಹೇಳಿ ಅಂತ ಅಂದು ರೆಕಾರ್ಡ್ ಮಾಡಿಕೊಂಡೆ. "ಹದಿನೈದನೇ ತಾರೀಖಿನೊಳಗ ನಿಮಗ ಮಷೀನ್ ಪೂರ್ತಿ ರೆಡಿ ಮಾಡಿ ಡೆಲಿವರಿ ಕೊಡಾಕ ಆಗಂಗಿಲ್ರೀ" ಅಂದಳು. ಒಂದೇ ಉಸಿರಿನಲ್ಲಿ. ಎದುರು ಕೂತ ನನಗೆ 'ಆಗ' ತನಕ ಕೇಳಿಸಿತು. ಆಮೇಲೆ ಬಂದದ್ದು ಹಳೆಯ ಬಾಗಿಲು ನಿಧಾನ ತೆರೆದಾಗ ಬರುವ ಕರ್ ಕರ್ ಸದ್ದು. ಫೋನಿನಲ್ಲಿ, ಅತ್ತ ಕಡೆ ಖಾನಾವಳಿಯ ಗದ್ದಲದಲ್ಲಿ, ಅದೂ ಕೇಳಿರಲಿಕ್ಕಿಲ್ಲ.

ಇದಕ್ಕೆ ವೋಕಲ್ ಫ್ರೈ ಅನ್ನುತ್ತಾರೆ. ಎಣ್ಣೆಯಲ್ಲಿ ಕರಿಯುವ ಸದ್ದನ್ನು ನೆನಪಿಸುತ್ತದೆ ಅಂತ ಆ ಹೆಸರು. ಆಗುವುದು ಇಷ್ಟು: ದನಿ ತೀರಾ ಕೆಳಗಿಳಿದಾಗ ಸ್ವರತಂತುಗಳು ಗಿಡ್ಡವಾಗಿ, ದಪ್ಪವಾಗಿ, ಸಡಿಲಾಗುತ್ತವೆ. ಕೆಳಗಿನಿಂದ ಬರುವ ಗಾಳಿ ಕಡಿಮೆ. ಅದು ಒಂದೇ ಸಮನೆ ಹರಿಯದೇ ಗುಳ್ಳೆ ಗುಳ್ಳೆಯಾಗಿ ಹೊರಬೀಳುತ್ತದೆ. ಶೈಲಾಳ ಮಾಮೂಲು ದನಿಯಲ್ಲಿ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಸುಮಾರು 5 ಮಿಲಿಸೆಕೆಂಡು ಅಂತರ. ಆ 'ಗಂಗಿಲ್ರೀ'ಯಲ್ಲಿ ಅಂತರ 25 ಆಗಿತ್ತು, ಮುಂದಿನದು 32, ಅದರ ಮುಂದಿನದು 21. ಅಷ್ಟು ದೂರ ದೂರ ಬಿದ್ದರೆ ಕಿವಿ ಅದನ್ನು ಒಂದು ಸ್ವರ ಅಂತ ಕೂಡಿಸಿಕೊಳ್ಳುವುದಿಲ್ಲ, ಬಿಡಿ ಬಿಡಿ ಟಕಟಕ ಅಂತ ಕೇಳುತ್ತದೆ. ಪ್ರಾಟ್‌ನಲ್ಲಂತೂ ಪಿಚ್ಚಿನ ಗೆರೆಯೇ ಅಲ್ಲಿ ಮಾಯ.

ಇಂಗ್ಲಿಷಿನಲ್ಲಿ 'ಇಲ್ಲ' ಅನ್ನುವ ಮಾತು ವಾಕ್ಯದ ನಡುವೆಯೇ ಬಂದುಹೋಗುತ್ತದೆ. ಕೊನೆ ಸವೆದರೂ ಅರ್ಥ ಉಳಿಯುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ಕೊಡಾಕ ಆಗ್ತೈತೋ ಆಗಂಗಿಲ್ಲೋ, ಮಾಡತೀನೋ ಮಾಡಂಗಿಲ್ಲೋ, ತೀರ್ಮಾನವೆಲ್ಲ ಕೊನೆಯ ಎರಡು ಮೂರು ಅಕ್ಷರದಲ್ಲಿ ಕೂತಿದೆ. ಅದೇ ಜಾಗದಲ್ಲಿ ದನಿ ಸವೆದರೆ ಬರೀ ಕಾನ್ಫಿಡೆನ್ಸ್ ಹೋಗುವುದಿಲ್ಲ, 'ಇಲ್ಲ' ಅನ್ನುವುದೇ ಹೋಗಿಬಿಡುತ್ತದೆ. ಟೆಂಪೋ ಬಂದದ್ದು ಹೀಗೆ. ಈ ವಿಷಯದ ಬಗ್ಗೆ ಇಂಗ್ಲಿಷಿನಲ್ಲಿ ಓದಿ ಕನ್ನಡ ಮಾತಿಗೆ ಹಾಗೇ ಹಚ್ಚುವವರಿಗೆ ಇದನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ.

ಆಕೆಗೆ ಇದು ಅಂಟಿಕೊಂಡದ್ದು ಹೇಗೆ? ಬೆಂಗಳೂರಿನ ಟೀಮ್ ಲೀಡರ್ ಒಬ್ಬರು "ನಿನ್ನ ದನಿ ಸಣ್ಣ ಹುಡುಗಿ ಥರ ಐತಿ, ತಗ್ಗಿಸಿ ಮಾತಾಡು" ಅಂದಿದ್ದರಂತೆ. ತಗ್ಗಿಸಿದಳು. ಸ್ವಾಭಾವಿಕ ಎತ್ತರಕ್ಕಿಂತ ಕೆಳಗೆ ಒತ್ತಿ ಹಿಡಿದು ಮಾತಾಡಿದರೆ ವಾಕ್ಯದ ಕೊನೆಗೆ ಇಳಿಯಲು ಜಾಗವೇ ಉಳಿಯುವುದಿಲ್ಲ. ನೆಲ ಮುಟ್ಟಿದ ದನಿ ಮುಂದೆ ಕರಕರ ಅನ್ನಲೇಬೇಕು. ಒಳ್ಳೆಯ ಮನಸ್ಸಿನಿಂದ ಕೊಟ್ಟ ಕೆಟ್ಟ ಸಲಹೆ.

ಇಲ್ಲಿ ಕೇಳುಗರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 2014ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಬಂತು. ಏಳು ಹೆಣ್ಣು ಮಕ್ಕಳು, ಏಳು ಗಂಡು ಮಕ್ಕಳು, ಕೆಲಸದ ಸಂದರ್ಶನದಲ್ಲಿ ಥ್ಯಾಂಕ್ಸ್ ಹೇಳುವ ಒಂದೇ ವಾಕ್ಯವನ್ನು ಮಾಮೂಲು ದನಿಯಲ್ಲೊಮ್ಮೆ, ಫ್ರೈನಲ್ಲೊಮ್ಮೆ ಹೇಳಿದರು. 800 ಜನ ಕೇಳಿದರು. ಫ್ರೈ ದನಿಯವರು ಕಡಿಮೆ ಸಮರ್ಥರು, ಕಡಿಮೆ ಓದಿದವರು, ಅಷ್ಟು ನಂಬಿಕೆಗೆ ಅರ್ಹರಲ್ಲ ಅಂತ ಕೇಳುಗರಿಗೆ ಅನ್ನಿಸಿತು. ಹೆಣ್ಣು ದನಿಗೆ ಬಿದ್ದ ಪೆಟ್ಟು ಗಂಡು ದನಿಗಿಂತ ಜೋರಾಗಿತ್ತು. ಹಾಗಂತ ಇದನ್ನೇ ವೇದ ಅಂದುಕೊಳ್ಳುವ ಹಾಗಿಲ್ಲ. ಅಲ್ಲಿ ಫ್ರೈ ಬೇಕೆಂದೇ ಮಾಡಿದ್ದು, ಇದ್ದದ್ದು ಒಂದೇ ವಾಕ್ಯ. 2010ರ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ ಇದೇ ಕರಕರ ದನಿಯನ್ನು ಕೇಳಿದವರು ಹಿಂಜರಿಕೆ ಅಂದದ್ದೂ ಉಂಟು, ಓದಿದ, ಮೇಲೆ ಬರುತ್ತಿರುವ ಪಟ್ಟಣದ ಹೆಣ್ಣುಮಗಳು ಅಂದದ್ದೂ ಉಂಟು. ದನಿಯಲ್ಲಿ ಕಾನ್ಫಿಡೆನ್ಸ್ ಕೂತಿರುವುದಿಲ್ಲ. ಕೇಳುವವರು ತಮಗೆ ರೂಢಿಯಾದ ಅರ್ಥವನ್ನು ಅದಕ್ಕೆ ಹಚ್ಚುತ್ತಾರೆ.

ಶೈಲಾಳ ಮ್ಯಾನೇಜರ್ ಜೊತೆ ಒಮ್ಮೆ ಫೋನಿನಲ್ಲಿ ಮಾತಾಡಿದೆ. ಅವರ ಪ್ರತಿ ವಾಕ್ಯದ ಕೊನೆಯೂ ಕರಕರ. ಆಫೀಸಿನಲ್ಲಿ ಅದಕ್ಕೆ ಗಂಭೀರ ದನಿ ಅಂತ ಹೆಸರು. ಇದು ಅನ್ಯಾಯ, ಇದನ್ನು ಶೈಲಾಗೆ ಬಾಯಿಬಿಟ್ಟು ಹೇಳಿದೆ. ತಪ್ಪೆಲ್ಲ ತನ್ನದೇ ಅಂದುಕೊಂಡು ಅಭ್ಯಾಸ ಶುರು ಮಾಡಿದವರ ದನಿ ಇನ್ನಷ್ಟು ಬಿಗಿಯುತ್ತದೆ. ನಾವು ಇಡೀ ಮಾತಿನ ರೀತಿ ಬದಲಿಸುವುದಿಲ್ಲ, ರೇಟು, ತಾರೀಖು, 'ಇಲ್ಲ' ಈ ಮೂರು ಜಾಗ ಮಾತ್ರ ಸರಿ ಮಾಡೋಣ ಅಂತ ಮಾತಾಯಿತು.

ಮೊದಲ ವಾರ ಕೆಟ್ಟಿತು. ಆ ತಪ್ಪು ನನ್ನದೇ. ಅಪ್‌ಟಾಕ್ ಮೊದಲು ತೆಗೆಯೋಣ ಅಂತ ರೇಟಿನ ಕೊನೆಯನ್ನು ಇಳಿಸಿ ಹೇಳಲು ಕೊಟ್ಟೆ. ಆಕೆ ಶ್ರದ್ಧೆಯಿಂದ ಇಳಿಸಿದಳು, ಕೊನೆಯ ಅಕ್ಷರದಲ್ಲಿ ಧೊಪ್ಪನೆ ನೆಲಕ್ಕೆ. ಏರಿಕೆ ಹೋಯಿತು, ಆ ಜಾಗದಲ್ಲಿ ಕರಕರ ಬಂದು ಕೂತಿತು. ಮನೆಯಲ್ಲಿ ಅವ್ವ "ಯಾಕವ್ವಾ, ಸಿಟ್ಟಿಗೆದ್ದೀ ಏನು?" ಅಂತ ಕೇಳಿದರಂತೆ. ಈ ಎರಡು ರೂಢಿ ಅಕ್ಕಪಕ್ಕದ ಮನೆಯವು. ಒಂದನ್ನು ಓಡಿಸಲು ಹೋಗಿ ಇನ್ನೊಂದರ ಬಾಗಿಲಿಗೆ ಬೀಳುವುದು ತೀರಾ ಸಾಮಾನ್ಯ. ಇಳಿಸಬೇಕು, ಆದರೆ ನೆಲ ಮುಟ್ಟುವ ಮೊದಲು ನಿಲ್ಲಬೇಕು. ಅದಕ್ಕೆ ಮೊದಲು ನೆಲ ಎಲ್ಲಿದೆ ಅಂತ ಗೊತ್ತಾಗಬೇಕು.

ಎರಡನೇ ವಾರ ಅಲ್ಲಿಂದ ಶುರು ಮಾಡಿದೆವು. ಶೈಲಾಗೆ ಚಿಕ್ಕಂದಿನ ಭಜನೆಯಿಂದ ಸ್ವಲ್ಪ ಸ್ವರಜ್ಞಾನ ಇತ್ತು, ಅದು ಒಳ್ಳೆಯದಾಯಿತು. ಬಾಯಿ ಮುಚ್ಚಿ 'ಮ್' ಅಂತ ಆರಾಮಾದ ಎತ್ತರದಲ್ಲಿ ಹಿಡಿದು ನಿಧಾನ ಕೆಳಗೆ ಜಾರಲು ಹೇಳಿದೆ. ಮಾತಾಡುವ ಎತ್ತರವನ್ನೇ 'ಸಾ' ಅಂದುಕೊಂಡರೆ ಕೆಳಗಿನ 'ನಿ', 'ಧ', 'ಪ' ತನಕ ದನಿ ತಿಳಿಯಾಗಿತ್ತು. 'ಪ'ದ ಕೆಳಗೆ ಕರಕರ ಶುರು. ಹಾಗಾದರೆ ವಾಕ್ಯದ ಕೊನೆ ಕೂರಬೇಕಾದ ಜಾಗ ಕೆಳಗಿನ 'ಧ'. ಹಾಡು ಗೊತ್ತಿಲ್ಲದವರಿಗೆ ಇದನ್ನೇ ಬೇರೆ ಥರ ಮಾಡಿಸುತ್ತೇನೆ: ಕರಕರ ಬರುವ ತನಕ ಇಳಿದು, ಅಲ್ಲಿಂದ ದನಿ ತಿಳಿಯಾಗುವ ತನಕ ಮೆಲ್ಲಗೆ ಮೇಲೆ ಬಂದು ನಿಲ್ಲಿಸುವುದು.

ಮೊದಲು ಆಕೆ ಒತ್ತಿ ಹಿಡಿದಿದ್ದ ದನಿಯನ್ನು ಬಿಡಿಸಿದೆ. ಮಾತಿನ ಶುರುವನ್ನು ಸ್ವಲ್ಪ ಮೇಲಿಂದ ತೆಗೆದುಕೊಂಡರೆ ಕೊನೆಗೆ ಇಳಿಯಲು ಮೆಟ್ಟಿಲು ಸಿಗುತ್ತವೆ. "ಹೂಂ ರೀ" ಅಂತ ಮನಸ್ಸಿಟ್ಟು ಓಗೊಡುವಾಗ ಬರುವ ಎತ್ತರವೇ ಸರಿಯಾದ ಶುರು.

ಆಮೇಲೆ ರೇಟಿನ ವಾಕ್ಯ. "ಒಂದ್ ಲಕ್ಷ ಎಂಬತ್ ಸಾವಿರ್ರೀ" ಅನ್ನುವುದರಲ್ಲಿ ಕ್ರಿಯಾಪದ ಇಲ್ಲ. ಅರ್ಧ ಬಿಟ್ಟ ಮಾತು ತಾನಾಗಿ ಏರುತ್ತದೆ. "ಒಂದ್ ಲಕ್ಷ ಎಂಬತ್ ಸಾವಿರ ಆಗ್ತದ್ರೀ" ಅಂದರೆ ಇಳಿಯಲು ದಾರಿ ಇದೆ. ಒತ್ತು 'ಎಂಬತ್' ಮೇಲೆ, ಅಲ್ಲಿಂದಲೇ ಇಳಿತ ಶುರು, 'ಸಾವಿರ' ಒಂದು ಮೆಟ್ಟಿಲು ಕೆಳಗೆ, 'ಆಗ್ತದ' ಇನ್ನೊಂದು, 'ರೀ' ಅಲ್ಲೇ ಕೂರುತ್ತದೆ. ಇಳಿತವನ್ನು ಕೊನೆಯ ಅಕ್ಷರಕ್ಕೆ ಉಳಿಸಿಕೊಂಡರೆ ಮತ್ತೆ ಧೊಪ್. ಪ್ರಶ್ನೆಯನ್ನೂ ಉತ್ತರವನ್ನೂ ಆಕೆಯೇ ಹೇಳಬೇಕು: "ಎಂಬತ್ ಆಗ್ತದೇನ್ರೀ?" ಮೇಲೆ, "ಎಂಬತ್ ಆಗ್ತದ್ರೀ" ಕೆಳಗೆ. ಎರಡನ್ನೂ ಬೆನ್ನು ಬೆನ್ನಿಗೆ ಹೇಳಿದಾಗ ಆಕೆಯ ಕಿವಿಗೆ ಮೊದಲ ಸಲ ವ್ಯತ್ಯಾಸ ಗೊತ್ತಾಯಿತು. ಕಿವಿ ತೆರೆಯುವ ತನಕ ಗಂಟಲು ಬದಲಾಗುವುದಿಲ್ಲ.

ಇನ್ನೊಂದು ಕಷ್ಟ, ರೇಟು ಹೇಳಿದ ಮೇಲಿನ ಮೌನ. ಶೈಲಾಗೆ ಅದನ್ನು ತಡೆಯಲು ಆಗುತ್ತಿರಲಿಲ್ಲ. ಎದುರಿನವರು ಸುಮ್ನೆ ಇದ್ದ ಕೂಡಲೇ "ಮತ್ತ... ಸ್ವಲ್ಪ ನೋಡೂಣ್ರೀ?" ಅಂತ ತಾನೇ ಸೇರಿಸಿಬಿಡುತ್ತಿದ್ದಳು. ಇಳಿಸಿ ಮುಗಿಸಿದ ಮಾತನ್ನು ಈ ಒಂದು ಬಾಲ ಕೆಡಿಸುತ್ತದೆ. ಮನಸ್ಸಿನಲ್ಲೇ ಮೂರು ಎಣಿಸಲು ಹೇಳಿದೆ. ಪಿಚ್ಚಿಗಿಂತ ಇದಕ್ಕೇ ಜಾಸ್ತಿ ದಿನ ಹಿಡಿಯಿತು.

ಕರಕರಕ್ಕೆ ಬೇಕಾದದ್ದು ಗಾಳಿ. ಆ ಟೆಂಪೋ ವಾಕ್ಯವನ್ನು ಎರಡು ಮಾಡಿದೆವು. "ಹದಿನೈದರೊಳಗ ಆಗಂಗಿಲ್ರೀ." ಉಸಿರು. "ಇಪ್ಪತ್ತಕ್ಕ ಕೊಡ್ತೀವ್ರಿ." ಗಿಡ್ಡ ವಾಕ್ಯದಲ್ಲಿ ಕ್ರಿಯಾಪದ ಬರುವಾಗ ಎದೆಯಲ್ಲಿ ಇನ್ನೂ ಗಾಳಿ ಇರುತ್ತದೆ. ಅಂಗೈ ಬಾಯಿ ಮುಂದೆ ಹಿಡಿದು ಕೊನೆಯ ಅಕ್ಷರಕ್ಕೂ ಗಾಳಿ ಬೆಚ್ಚಗೆ ತಾಗುತ್ತದೆಯೇ ನೋಡಬೇಕು. ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ, ಅದು 'ರೀ'. ದೀರ್ಘ ಸ್ವರ, ವಾಕ್ಯದ ತುದಿಯಲ್ಲೇ ಇದೆ. ಅಭ್ಯಾಸದಲ್ಲಿ ಅದನ್ನು ಒಂದು ಸೆಕೆಂಡು ಎಳೆದು ಹಿಡಿಸುತ್ತೇನೆ. 'ರೀ' ತಿಳಿಯಾಗಿ ನಿಂತರೆ ಹಿಂದಿನ 'ಇಲ್' ಕೂಡ ಉಳಿದಿರುತ್ತದೆ. 'ರೀ' ಒಡೆದರೆ ಕ್ರಿಯಾಪದವೂ ಒಡೆದಿರುತ್ತದೆ. ಕಂಪ್ಯೂಟರ್ ಇಲ್ಲದೆಯೂ ಇದನ್ನು ಯಾರು ಬೇಕಾದರೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಕೊಳ್ಳಬಹುದು.

ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ. ಎಲ್ಲ ಕರೆಯಲ್ಲೂ ಎಚ್ಚರ ಇಡಬೇಡಿ ಅಂದಿದ್ದೆ, ಬೆಳಗಿನ ಮೊದಲ ಮೂರು ಕರೆ ಸಾಕು. ಇಡೀ ದಿನ ತನ್ನ ದನಿಯನ್ನೇ ಕಾಯುತ್ತ ಕೂತರೆ ಗ್ರಾಹಕರ ಮಾತು ಕಿವಿಗೆ ಬೀಳುವುದಿಲ್ಲ.

ಆರು ವಾರದ ಮೇಲೆ ಅಷ್ಟೇ ಉದ್ದದ ಇನ್ನೊಂದು ಕರೆಗೆ ಗುರುತು ಹಾಕಿದೆ. 34 ವಾಕ್ಯ. ಆರು ಏರಿದ್ದವು. ಅವುಗಳಲ್ಲಿ ನಾಲ್ಕು ನಿಜವಾಗಿಯೂ ಪ್ರಶ್ನೆಗಳು, ಒಂದು ಪಟ್ಟಿ. ಕರಕರ ಐದು ಕಡೆ ಉಳಿದಿತ್ತು, ಆದರೆ 'ಇಲ್ಲ'ದ ಮೇಲೆ ಒಂದೂ ಇಲ್ಲ. ಆ ಐದನ್ನು ಹಾಗೇ ಬಿಟ್ಟೆ. ವಾಕ್ಯದ ಕೊನೆಗೆ ಅಲ್ಲೊಂದು ಇಲ್ಲೊಂದು ಕರಕರ ಎಲ್ಲರ ಮಾತಿನಲ್ಲೂ ಇರುತ್ತದೆ, ಮಾತು ಮುಗಿಯಿತು ಅನ್ನುವ ಗುರುತೂ ಅದೇ. ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಮಷೀನು ನಡೆಸುವುದನ್ನು ಹೇಳಿಕೊಡುವಾಗಿನ ಏರಿಕೆಯನ್ನೂ ಮುಟ್ಟಲಿಲ್ಲ. "ಹಿಟ್ಟು ನಾದಿದ್ರಿ? ಉಂಡಿ ಕಟ್ಟಿದ್ರಿ?" ಅಂತ ಏರಿಸುತ್ತ ಹೋದರೆ ಅವರು ಒಂದೊಂದು ಹೆಜ್ಜೆಗೂ "ಹೂಂ" ಅನ್ನುತ್ತ ಜೊತೆಗೆ ಬರುತ್ತಾರೆ. ಅಲ್ಲಿ ಅದು ಕೈ ಹಿಡಿದು ನಡೆಸುವ ದನಿ.

ರೇಟು ಇಳಿಸಿ ಅನ್ನುವವರು ಈಗಲೂ ಅನ್ನುತ್ತಾರೆ. ಚೌಕಾಸಿ ಇಲ್ಲದೆ ಹುಬ್ಬಳ್ಳಿಯಲ್ಲಿ ಯಾವ ವ್ಯಾಪಾರ ಆಗುತ್ತದೆ? ಆದರೆ "ನಿಮ್ಮ ಸಾಹೇಬರಿಗೆ ಫೋನ್ ಕೊಡ್ರಿ" ಅನ್ನುವವರು ಕಡಿಮೆಯಾದರು ಅಂತ ಶೈಲಾ ಹೇಳಿದಳು. ಮ್ಯಾನೇಜರ್ ಬರೆದ ಆ ಸಾಲು ಫೈಲಿನಲ್ಲಿ ಹಾಗೇ ಇದೆ. ಅದನ್ನು ಅಳಿಸುವುದು ನನ್ನ ಕೈಯಲ್ಲಿಲ್ಲ.

ಎರಡನೇ ರೆಕಾರ್ಡಿಂಗಿನ ಕೊನೆಯ ಭಾಗ ನನಗೆ ಬಾಯಿಪಾಠ. ಗ್ರಾಹಕರು ಹತ್ತನೇ ತಾರೀಖಿಗೆ ಬೇಕು ಅನ್ನುತ್ತಾರೆ. ಶೈಲಾ ಉಸಿರು ತೆಗೆದುಕೊಳ್ಳುವುದು ಕೇಳುತ್ತದೆ. "ಹತ್ತಕ್ಕ ಆಗಂಗಿಲ್ರೀ." 'ರೀ' ಕೆಳಗಿನ 'ಧ'ದಲ್ಲಿ ತಿಳಿಯಾಗಿ ಕೂರುತ್ತದೆ. ಒಂದು, ಎರಡು, ಮೂರು. ಅತ್ತ ಕಡೆ ಪಾತ್ರೆಯ ಸದ್ದು. ಆಮೇಲೆ ಅವರು, "ಹಂಗಾರ ಯಾವತ್ತ ಹೇಳ್ರಿ ಮೇಡಂ, ಆವತ್ತ ಟೆಂಪೋ ತರ್ತೀನಿ."